ಭಾನುವಾರದ ಕ್ಲಾಸ್‌ನ ಜಾಗ, ಸಮಯ ಎರಡೂ ಬದಲಾಗಿದೆ: ಮಕ್ಕಳಿಗೆ ಸೂಚನೆ ಹೇಗೆ ಬರೆಯಲಿ?

ಮಾಟುಂಗಾ ಕಾರ್ಯಕರ್ತೆ

ಎಲ್ಲರಿಗೂ ನಮಸ್ಕಾರ. ಮುಂಬೈಯ ನಮ್ಮ ಕನ್ನಡ ಸಂಘ ಬಿಕಾಂ ಮೂರನೇ ವರ್ಷದ ಮಕ್ಕಳಿಗೆ ಭಾನುವಾರ ಕಾಸ್ಟ್ ಅಕೌಂಟಿಂಗ್ ಪಾಠ ನಡೆಸುತ್ತದೆ. ಮಾಟುಂಗಾ ಪೂರ್ವದ ಸಭಾಭವನದಲ್ಲಿ, ಮಧ್ಯಾಹ್ನ 2ರಿಂದ 5. ಡೊಂಬಿವಲಿ, ಕಲ್ಯಾಣ, ಮೀರಾ ರೋಡ್, ಪನ್ವೇಲ್ ಕಡೆಯಿಂದೆಲ್ಲ ಮಕ್ಕಳು ಬರುತ್ತಾರೆ. ನವೆಂಬರ್ 16 ಮತ್ತು 23ಕ್ಕೆ ಭವನದಲ್ಲಿ ಮದುವೆ ಇದೆ. ಮಾಟುಂಗಾ ಪಶ್ಚಿಮದ ಒಂದು ಶಾಲೆಯವರು ಕೋಣೆ ಕೊಡಲು ಒಪ್ಪಿದ್ದಾರೆ, ಆದರೆ ಬೆಳಿಗ್ಗೆ 10ರಿಂದ 1ರವರೆಗೆ ಮಾತ್ರ.

ವಾಟ್ಸ್ಆ್ಯಪ್ ಗುಂಪಿಗೆ ಹಾಕಲು ಕಾರ್ಯಾಲಯದಿಂದ ಈ ಕರಡು ಬಂದಿದೆ:

"ಪ್ರಿಯ ವಿದ್ಯಾರ್ಥಿಗಳೇ, ಅನಿವಾರ್ಯ ಕಾರಣಗಳಿಂದಾಗಿ ಮುಂದಿನ ಎರಡು ಭಾನುವಾರಗಳ ತರಗತಿಯನ್ನು ಮಾಟುಂಗಾದ ಶಾಲೆಗೆ ಸ್ಥಳಾಂತರಿಸಲಾಗಿದ್ದು, ತರಗತಿಯು 10ಕ್ಕೆ ಪ್ರಾರಂಭವಾಗುತ್ತದೆ. ಬದಲಾವಣೆಯನ್ನು ಗಮನಿಸಿ ಸಹಕರಿಸಬೇಕಾಗಿ ವಿನಂತಿ."

ಜೂನ್‌ನಲ್ಲಿ ಹೀಗೇ ಒಂದು ಸೂಚನೆ ಹೋಗಿತ್ತು. ಅದರ ಹಿಂದೆಯೇ ಗುಂಪಿನಲ್ಲಿ ಪ್ರಶ್ನೆಗಳ ಸಾಲು ಬಂತು. ಅದೇ ಪ್ರಶ್ನೆ ಮತ್ತೆ ಮತ್ತೆ. ಉತ್ತರಗಳು ಮೇಲೆ ಹೋಗಿ, ಯಾರಿಗೂ ಸಿಗಲಿಲ್ಲ. ಈ ಸಲ ಸೂಚನೆ ಚಿಕ್ಕದಾಗಿರಬೇಕು, ಮತ್ತೆ ಯಾರೂ ಕೇಳಬೇಕಾಗಬಾರದು. ಇದು ಸಾಧ್ಯವಾ? ನೀವು ಹೇಗೆ ಬರೆಯುತ್ತಿದ್ದಿರಿ?

ಘಾಟ್ಕೋಪರ್ ಭಟ್

ಮೇಡಂ, ಕರಡು ಚೆನ್ನಾಗಿಯೇ ಇದೆ. ಗೌರವದಿಂದ ಬರೆದಿದ್ದಾರೆ. ಈಗಿನ ಮಕ್ಕಳು ಎರಡು ಸಾಲಿಗಿಂತ ಜಾಸ್ತಿ ಓದುವುದಿಲ್ಲ. ಉದ್ದ ಬರೆದರೆ ಅದನ್ನೂ ಓದುವುದಿಲ್ಲ. ಸಮಯ, ಜಾಗ ಹಾಕಿ, ಉಳಿದದ್ದನ್ನು ಅವರೇ ಕೇಳುತ್ತಾರೆ.

ನಿವೃತ್ತ ಕಚೇರಿಯವರು

ಭಟ್ಟರೇ, ಚಿಕ್ಕದಿರಬೇಕು ಎನ್ನುವುದು ಸರಿ. ಆದರೆ ಈ ಕರಡು ಚಿಕ್ಕದಾದದ್ದು ಬೇಕಾದ್ದನ್ನು ಬಿಟ್ಟು. ಬೇಡದ್ದೆಲ್ಲ ಹಾಗೇ ಇದೆ. ಪ್ರಿಯ ವಿದ್ಯಾರ್ಥಿಗಳೇ, ಅನಿವಾರ್ಯ ಕಾರಣ, ಗಮನಿಸಿ ಸಹಕರಿಸಿ, ಇವಿಷ್ಟನ್ನು ತೆಗೆದು ನೋಡಿ. ಅರ್ಧ ಜಾಗ ಖಾಲಿಯಾಗುತ್ತದೆ.

ನಾನು ಇಲ್ಲಿನ ಒಂದು ಕಾಲೇಜಿನ ಕಚೇರಿಯಲ್ಲಿ ಬಹಳ ವರ್ಷ ನೋಟಿಸ್ ಬೋರ್ಡ್ ನೋಡಿಕೊಂಡವನು. ಬೋರ್ಡ್ ಮುಂದೆ ಹುಡುಗ ನಿಂತು ಪೂರ್ತಿ ಓದುತ್ತಿದ್ದ. ಫೋನಿನಲ್ಲಿ ಹಾಗಲ್ಲ. ಪರದೆಯ ಮೇಲೆ ಮೊದಲ ಒಂದೆರಡು ಸಾಲು ಮಾತ್ರ ಇಣುಕುತ್ತದೆ. ಅಲ್ಲಿ "ಪ್ರಿಯ ವಿದ್ಯಾರ್ಥಿಗಳೇ, ಅನಿವಾರ್ಯ ಕಾರಣಗಳಿಂದಾಗಿ" ಎಂದು ಕಂಡರೆ, ಹುಡುಗ ಯಾವುದೋ ಸಂಘದ ಸಮಾರಂಭ ಎಂದುಕೊಂಡು ಪಕ್ಕಕ್ಕೆ ಸರಿಸುತ್ತಾನೆ. ಮೊದಲ ಸಾಲಿನಲ್ಲೇ ದಿನ, ಗಂಟೆ, ಜಾಗ ಮೂರೂ ಬರಲಿ. ಅದೊಂದು ಸಾಲು ಓದಿ ಫೋನ್ ಕೆಳಗಿಟ್ಟವನೂ ಸರಿಯಾದ ಹೊತ್ತಿಗೆ ಸರಿಯಾದ ಕಡೆ ಬರಬೇಕು.

ಇನ್ನೊಂದು, "ಮುಂದಿನ ಎರಡು ಭಾನುವಾರ" ಎಂದು ಬರೆಯಲೇಬೇಡಿ. ಈ ಸಂದೇಶ ಫಾರ್ವರ್ಡ್ ಆಗುತ್ತದೆ. ಗುರುವಾರ ನೀವು ಹಾಕಿದ್ದು ಯಾರಿಗೋ ಮುಂದಿನ ಸೋಮವಾರ ತಲುಪಿದರೆ, ಅವನಿಗೆ ಮುಂದಿನ ಎರಡು ಭಾನುವಾರ ಎಂದರೆ 23 ಮತ್ತು 30. ವಾರ, ತಾರೀಕು ಎರಡನ್ನೂ ಬರೆಯಿರಿ. "ಭಾನುವಾರ, ನವೆಂಬರ್ 16" ಎಂದಿದ್ದರೆ ಒಂದರಲ್ಲಿ ಬೆರಳು ತಪ್ಪಿದರೂ ಇನ್ನೊಂದು ಹಿಡಿದುಕೊಡುತ್ತದೆ. ಹಾಗೆಯೇ ಬರೀ "10ಕ್ಕೆ" ಬೇಡ, "ಬೆಳಿಗ್ಗೆ 10ಕ್ಕೆ".

ಡೊಂಬಿವಲಿ ಅಮ್ಮ

ನನ್ನ ಮಗಳು ಇಂಥದ್ದೇ ಒಂದು ಕ್ಲಾಸಿಗೆ ಹೋಗುತ್ತಾಳೆ, ನಿಮ್ಮದಲ್ಲ, ಬೇರೆ. ಜಾಗ ಬದಲಾಗಿದೆ ಎಂದು ಬರೆದಿದ್ದರು, ಸಮಯದ ಬಗ್ಗೆ ಏನೂ ಇರಲಿಲ್ಲ. ಹಳೆಯ ಸಮಯವೇ ಇರಬೇಕು ಎಂದು ಅವಳು ಹೋದಳು. ಅಲ್ಲಿ ಬೀಗ. ಅವಳಂತೆ ಇನ್ನೂ ಕೆಲವರು ಗೇಟಿನ ಹತ್ತಿರ ನಿಂತಿದ್ದರಂತೆ. ಮೂರು ಸ್ಟೇಷನ್ ಗರ್ದಿಯಲ್ಲಿ ನಿಂತು ಹೋದ ಮಗು ವಾಪಸ್ ಬಂದು ಅತ್ತೇಬಿಟ್ಟಳು. ಯಾವುದು ಬದಲಾಗಿಲ್ಲ ಅನ್ನುವುದನ್ನೂ ಬರೆಯಬೇಕಲ್ವಾ?

ನಿವೃತ್ತ ಕಚೇರಿಯವರು

ಬರೆಯಲೇಬೇಕು ಅಮ್ಮ. ಒಂದು ಬದಲಾವಣೆ ಕೇಳಿದ ತಕ್ಷಣ ಹುಡುಗರ ತಲೆಯಲ್ಲಿ ಬರುವುದು, "ಹಾಗಾದರೆ ಅದು?" ಅಂತ. ಹಳೆಯ ಕ್ಲಾಸ್ ಇದೆಯಾ, ಇದು ಹೆಚ್ಚಿನದ್ದಾ? ಆಮೇಲೆ ಯಾವತ್ತೂ ಇಲ್ಲೇನಾ? ಈ ಎರಡಕ್ಕೆ ಒಂದೊಂದು ಸಾಲು ಸಾಕು. "ಈ ಎರಡು ದಿನ ಮಧ್ಯಾಹ್ನ 2ರ ಕ್ಲಾಸ್ ಇಲ್ಲ, ಭವನಕ್ಕೆ ಬರಬೇಡಿ." "ನವೆಂಬರ್ 30ರಿಂದ ಎಂದಿನಂತೆ ಭವನದಲ್ಲಿ, ಮಧ್ಯಾಹ್ನ 2ಕ್ಕೆ." ಹಳೆಯದನ್ನು ಹೆಸರು ಹಿಡಿದು ರದ್ದು ಮಾಡದಿದ್ದರೆ ಅರ್ಧ ಮಂದಿ ಎರಡೂ ಇದೆ ಎಂದುಕೊಳ್ಳುತ್ತಾರೆ.

ಮೇಡಂ, ಜೂನ್‌ನ ಆ ಪ್ರಶ್ನೆಗಳು ಗುಂಪಿನಲ್ಲಿ ಇನ್ನೂ ಇವೆಯಾ? ಇದ್ದರೆ ಸುಮ್ನೆ ಊಹಿಸುವುದು ಬೇಡ. ಹುಡುಗರು ಏನು ಕೇಳುತ್ತಾರೆ ಎನ್ನುವುದು ಅಲ್ಲೇ ಇದೆ.

ಮುಲುಂಡ್ ರಾವ್

ಶಾಲೆಯ ಕೋಣೆ ಸಿಕ್ಕಿದ್ದು ಹೇಗೆ ಮೇಡಂ? ನಮ್ಮ ಯಕ್ಷಗಾನ ತಂಡದ ಅಭ್ಯಾಸಕ್ಕೆ ಭಾನುವಾರ ಜಾಗ ಹುಡುಕಿ ಹುಡುಕಿ ಸಾಕಾಗಿದೆ. ಬಾಡಿಗೆ ಎಷ್ಟು? ಚೆಂಡೆಗೆ ಒಪ್ಪುತ್ತಾರಾ?

ಮಾಟುಂಗಾ ಕಾರ್ಯಕರ್ತೆ

ರಾವ್ ಅವರೇ, ನಮ್ಮ ಸದಸ್ಯರೊಬ್ಬರ ಪರಿಚಯದಿಂದ ಸಿಕ್ಕಿದ್ದು, ಬಾಡಿಗೆ ಇಲ್ಲ. ಚೆಂಡೆ ಕಷ್ಟ ಅನ್ನಿಸುತ್ತದೆ.

ಸರ್, ಜೂನ್‌ನ ಪ್ರಶ್ನೆಗಳನ್ನು ಈಗ ತೆಗೆದು ಓದಿದೆ. ಅತಿ ಜಾಸ್ತಿ ಬಂದದ್ದು "ಯಾವ ಸ್ಟೇಷನ್ನಿನಲ್ಲಿ ಇಳಿಯಬೇಕು". ಆಮೇಲೆ "ಎಷ್ಟು ಗಂಟೆಗೆ ಬಿಡುತ್ತಾರೆ". ಇನ್ನು, ಬರಲಾಗದಿದ್ದರೆ ಹಾಜರಿ ಹೋಗುತ್ತಾ, ಆ ದಿನದ ಟೆಸ್ಟ್ ಇದೆಯಾ. ಕಾರಣ ಏನು ಎಂದು ಕೇಳಿದವರು ಬಹಳ ಕಡಿಮೆ. ನನಗೇ ಆಶ್ಚರ್ಯ ಆಯಿತು. ನಮ್ಮ ಕರಡು ಶುರುವಾಗುವುದೇ ಕಾರಣದಿಂದ!

ಮೀರಾ ರೋಡ್ ಪೂಜಾರಿ

ಸ್ಟೇಷನ್ ವಿಷಯ ದೊಡ್ಡದು ಮಾರಾಯ್ರೇ. "ಮಾಟುಂಗಾದ ಶಾಲೆ" ಎಂದು ಬರೆದರೆ ಎಲ್ಲರೂ ಎಂದಿನ ಮಾಟುಂಗಾದಲ್ಲೇ ಇಳಿದು ಪೂರ್ವಕ್ಕೆ ನಡೆಯುತ್ತಾರೆ. ಶಾಲೆ ಇರುವುದು ಪಶ್ಚಿಮದಲ್ಲಿ, ಅಂದರೆ ಮಾಟುಂಗಾ ರೋಡ್ ಹತ್ತಿರ. ಸೆಂಟ್ರಲ್ ಲೈನಿನದ್ದು ಮಾಟುಂಗಾ, ವೆಸ್ಟರ್ನ್ ಲೈನಿನದ್ದು ಮಾಟುಂಗಾ ರೋಡ್. ಹೆಸರು ಒಂದೇ ಥರ, ಸ್ಟೇಷನ್ ಬೇರೆ. ನಮ್ಮಂಥ ವೆಸ್ಟರ್ನ್‌ನವರಿಗೆ ಈ ಸಲ ಲಾಭ, ದಾದರ್‌ನಲ್ಲಿ ಗಾಡಿ ಬದಲಿಸಬೇಕಾಗಿಲ್ಲ. ಆದರೆ ಅದು ಗೊತ್ತಾಗದಿದ್ದರೆ ಅಭ್ಯಾಸಬಲದಿಂದ ದಾದರ್‌ಗೇ ಹೋಗುತ್ತೇವೆ. ಮಾಟುಂಗಾ ರೋಡ್‌ನಲ್ಲಿ ಸ್ಲೋ ಗಾಡಿ ಮಾತ್ರ ನಿಲ್ಲುತ್ತದೆ ಅಂತಲೂ ಹಾಕಿ. ಬೊರಿವಲಿಯಲ್ಲಿ ಫಾಸ್ಟ್ ಹತ್ತಿದವನು ನಡುವೆ ಗಾಡಿ ಬದಲಿಸದಿದ್ದರೆ ಸೀದಾ ದಾದರ್‌ನಲ್ಲೇ ಇಳಿಯಬೇಕಾಗುತ್ತದೆ.

ಘಾಟ್ಕೋಪರ್ ಭಟ್

ಅದಕ್ಕೆ ಯಾಕೆ ಇಷ್ಟು ಬರೆಯಬೇಕು? ಗೂಗಲ್ ಮ್ಯಾಪ್ ಕೊಂಡಿ ಹಾಕಿದರೆ ಮುಗಿಯಿತು.

ಮೀರಾ ರೋಡ್ ಪೂಜಾರಿ

ಕೊಂಡಿ ಇರಲಿ ಭಟ್ರೇ, ಬೇಡ ಅನ್ನುತ್ತಿಲ್ಲ. ಆದರೆ ಅದನ್ನು ಒತ್ತುವುದು ಸ್ಟೇಷನ್ನಿನಿಂದ ಹೊರಗೆ ಬಂದ ಮೇಲೆ. ಎಲ್ಲಿ ಇಳಿಯಬೇಕು ಎನ್ನುವುದು ಗಾಡಿ ಹತ್ತುವಾಗಲೇ ಗೊತ್ತಿರಬೇಕು. ಮತ್ತೆ ಮ್ಯಾಪ್ ಶಾಲೆಯ ದೊಡ್ಡ ಗೇಟಿಗೆ ಕರೆದುಕೊಂಡು ಹೋಗುತ್ತದೆ. ಭಾನುವಾರ ಆ ಗೇಟ್ ತೆಗೆದಿರುತ್ತದಾ? ಮೇಡಂ, ಒಮ್ಮೆ ನೀವೇ ಹೋಗಿ ನೋಡಿ ಬಂದರೆ ಒಳ್ಳೆಯದು.

ಪನ್ವೇಲ್ ಹುಡುಗ

ನಾನು ನಿಮ್ಮ ಕ್ಲಾಸಿನವನೇ ಅಕ್ಕ. ನನ್ನ ಪ್ರಶ್ನೆ ಬಿಡುವ ಸಮಯದ್ದು. ಭಾನುವಾರ ಹಳಿ ದುರಸ್ತಿಗೆ ಗಾಡಿ ನಿಲ್ಲಿಸುವ ಮೆಗಾ ಬ್ಲಾಕ್ ಇರುತ್ತದೆ. ಸಾಮಾನ್ಯವಾಗಿ 11ರ ಸುಮಾರಿಗೆ ಶುರುವಾದರೆ ಮುಗಿಯುವಾಗ 4 ಆಗುತ್ತದೆ. ಬೆಳಿಗ್ಗೆ 10ಕ್ಕೆ ಬರುವುದು ಸುಲಭ, ಆಗ ಬ್ಲಾಕ್ ಶುರುವಾಗಿರುವುದಿಲ್ಲ. ಆದರೆ 1ಕ್ಕೆ ಬಿಟ್ಟರೆ ವಾಪಸ್ ಹೋಗುವುದು ನಟ್ಟನಡುವೆ. ಕಲ್ಯಾಣದವರಿಗೆ ಅಷ್ಟು ತೊಂದರೆ ಇಲ್ಲ, ಅಲ್ಲಿ ನಾಲ್ಕು ಹಳಿ ಇದೆ, ಫಾಸ್ಟ್ ಗಾಡಿಗಳನ್ನು ಸ್ಲೋ ಹಳಿಗೆ ತಿರುಗಿಸುತ್ತಾರೆ, ತಡವಾದರೂ ಗಾಡಿ ಓಡುತ್ತದೆ. ನಮ್ಮ ಹಾರ್ಬರ್ ಲೈನಿನಲ್ಲಿ ಇರುವುದು ಎರಡೇ ಹಳಿ. ಬ್ಲಾಕ್ ಇದ್ದ ಕಡೆ ಗಾಡಿಯೇ ಇಲ್ಲ. ನಾನು ಠಾಣೆಗೆ ಹೋಗಿ ಟ್ರಾನ್ಸ್ ಹಾರ್ಬರ್ ಹಿಡಿದು ಸುತ್ತಿಕೊಂಡು ಹೋಗಬೇಕು. ಎಷ್ಟು ಗಂಟೆಗೆ ಬಿಡುತ್ತಾರೆ ಎಂದು ಖಚಿತವಾಗಿ ಗೊತ್ತಿದ್ದರೆ ಮನೆಯಲ್ಲಿ ಹೇಳಿ ಬರಬಹುದು.

ನಿವೃತ್ತ ಕಚೇರಿಯವರು

ನೋಡಿ, ಶುರುವಾಗುವ ಸಮಯ ಎಲ್ಲರೂ ಬರೆಯುತ್ತಾರೆ, ಮುಗಿಯುವ ಸಮಯ ಮರೆಯುತ್ತಾರೆ. ದೂರದ ಮಕ್ಕಳಿಗೆ, ಕೆಲಸಕ್ಕೆ ಹೋಗುವವರಿಗೆ, ಕಾದು ಕೂರುವ ಅಪ್ಪ ಅಮ್ಮಂದಿರಿಗೆ ಬೇಕಾದದ್ದು ಅದೇ.

ಪ್ರಶ್ನೆ ಹುಡುಕಲು ನಾನು ಮಾಡುತ್ತಿದ್ದದ್ದು ಇಷ್ಟೇ. ಕ್ಲಾಸಿನಲ್ಲಿ ಮೂವರನ್ನು ನೆನೆಸಿಕೊಳ್ಳುತ್ತಿದ್ದೆ. ಎಲ್ಲರಿಗಿಂತ ದೂರದಿಂದ ಬರುವವನು, ಆ ಹೊತ್ತಿಗೆ ಬರಲು ಸಾಧ್ಯವೇ ಇಲ್ಲದವನು, ಮೆಟ್ಟಿಲು ಹತ್ತಲು ಕಷ್ಟಪಡುವವನು. ಈ ಮೂವರೂ ಶನಿವಾರ ರಾತ್ರಿ ಸೂಚನೆ ಓದಿ, ಯಾರನ್ನೂ ಕೇಳದೆ ಏನು ಮಾಡಬೇಕೆಂದು ತೀರ್ಮಾನಿಸಲು ಆಗಬೇಕು. ಅಷ್ಟಾದರೆ ಸೂಚನೆ ಮುಗಿದಿದೆ ಅಂತ ಲೆಕ್ಕ. ಮಿಕ್ಕ ಅಪರೂಪದ ಪ್ರಶ್ನೆಗಳಿಗೆ ಒಬ್ಬರ ಹೆಸರು ಕೊಟ್ಟುಬಿಡಿ, ಅವರನ್ನೇ ಕೇಳಲಿ.

ಒಂದು ಎಚ್ಚರ. ಸೂಚನೆ ಬರೆಯುವಾಗ ಉತ್ತರವೇ ಇಲ್ಲದ ಪ್ರಶ್ನೆಗಳು ಸಿಗುತ್ತವೆ. ಹಾಜರಿ ಏನು, ಟೆಸ್ಟ್ ಏನು ಎಂದು ನೀವೇ ಇನ್ನೂ ತೀರ್ಮಾನಿಸಿರುವುದಿಲ್ಲ. ಅದಕ್ಕೇ ಸೂಚನೆಗಳು ಮಸುಕಾಗಿರುತ್ತವೆ, ಕನ್ನಡ ಬರೆಯಲು ಬಾರದೆ ಅಲ್ಲ. ಮೊದಲು ಪಾಠ ಮಾಡುವವರನ್ನು ಕೇಳಿ ತೀರ್ಮಾನ ಮಾಡಿಕೊಳ್ಳಿ, ಆಮೇಲೆ ಬರೆಯಿರಿ.

ಮಾಟುಂಗಾ ಕಾರ್ಯಕರ್ತೆ

ಇವತ್ತು ಸಂಜೆ ಶಾಲೆಗೆ ಹೋಗಿ ಬಂದೆ. ಹೋದದ್ದು ಒಳ್ಳೆಯದೇ ಆಯಿತು. ಪೂಜಾರಿಯವರು ಹೇಳಿದ ಹಾಗೆ ದೊಡ್ಡ ಗೇಟ್ ಭಾನುವಾರ ತೆಗೆಯುವುದಿಲ್ಲ. ಪಕ್ಕದ ಓಣಿಯಲ್ಲಿ ಒಂದು ನೀಲಿ ಚಿಕ್ಕ ಗೇಟ್ ಇದೆ, ವಾಚ್‌ಮನ್ ಕಾಲೇಜಿನ ಐಡಿ ಕಾರ್ಡ್ ನೋಡಿ ಬಿಡುತ್ತಾರೆ. ಕೋಣೆ ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ನಮ್ಮಲ್ಲಿ ಒಬ್ಬಳಿಗೆ ಕಾಲಿನ ಆಪರೇಷನ್ ಆಗಿದೆ. ಕೇಳಿದ್ದಕ್ಕೆ, ಮೊದಲೇ ಹೇಳಿದರೆ ಕೆಳಗಿನ ಕೋಣೆ ತೆಗೆಸಿಕೊಡುತ್ತೇವೆ ಎಂದರು. ಸೆಂಟ್ರಲ್‌ನ ಮಾಟುಂಗಾ ಸ್ಟೇಷನ್ನಿನಿಂದ ಝಡ್ ಬ್ರಿಜ್ ದಾಟಿ ನಡೆದೆ. ನಿಧಾನಕ್ಕೆ ನಡೆದರೆ ಕಾಲು ಗಂಟೆ.

ಪಾಠ ಮಾಡುವ ಸರ್ ಜೊತೆಯೂ ಮಾತಾಡಿದೆ. 16ರ ಟೆಸ್ಟ್ ಅನ್ನು 30ಕ್ಕೆ ಮುಂದೂಡಿದ್ದಾರೆ. ಈ ಎರಡು ದಿನ ಬರಲಾಗದವರಿಗೆ ಹಾಜರಿ ಕಡಿತ ಇಲ್ಲ, ನೋಟ್ಸ್ ಅದೇ ರಾತ್ರಿ ಗುಂಪಿಗೆ ಹಾಕುತ್ತಾರೆ. ಕೋಣೆಯನ್ನು 1ಕ್ಕೆ ಬಿಟ್ಟುಕೊಡಬೇಕಾದ್ದರಿಂದ ಪಾಠ 12.45ಕ್ಕೇ ಮುಗಿಸುತ್ತಾರೆ. ಈಗ ಬರೆದದ್ದು ಇದು:

*ಭಾನುವಾರ ನವೆಂಬರ್ 16 ಮತ್ತು 23: ಕ್ಲಾಸ್ ಬೆಳಿಗ್ಗೆ 10ಕ್ಕೆ, ಮಾಟುಂಗಾ ಪಶ್ಚಿಮದ ಶಾಲೆಯಲ್ಲಿ*

ಈ ಎರಡು ದಿನ ಮಧ್ಯಾಹ್ನ 2ರ ಕ್ಲಾಸ್ ಇಲ್ಲ, ಭವನಕ್ಕೆ ಬರಬೇಡಿ (ಅಲ್ಲಿ ಮದುವೆ ಇದೆ). ಪಾಠ 12.45ಕ್ಕೆ ಮುಗಿಯುತ್ತದೆ. ನವೆಂಬರ್ 30ರಿಂದ ಎಂದಿನಂತೆ ಭವನದಲ್ಲಿ, ಮಧ್ಯಾಹ್ನ 2ಕ್ಕೆ.

ದಾರಿ: ವೆಸ್ಟರ್ನ್‌ನವರು ಮಾಟುಂಗಾ ರೋಡ್‌ನಲ್ಲಿ ಇಳಿಯಿರಿ (ಸ್ಲೋ ಗಾಡಿ ಮಾತ್ರ). ಸೆಂಟ್ರಲ್, ಹಾರ್ಬರ್‌ನವರು ಎಂದಿನ ಮಾಟುಂಗಾದಲ್ಲಿ ಇಳಿದು ಝಡ್ ಬ್ರಿಜ್ ದಾಟಿ ಬನ್ನಿ, ನಡಿಗೆ 15 ನಿಮಿಷ. ಪಕ್ಕದ ಓಣಿಯ ನೀಲಿ ಗೇಟಿನಿಂದ ಒಳಗೆ. ಕಾಲೇಜಿನ ಐಡಿ ಕಾರ್ಡ್ ತನ್ನಿ.

ಕೋಣೆ ಎರಡನೇ ಮಹಡಿ, ಲಿಫ್ಟ್ ಇಲ್ಲ. ಮೆಟ್ಟಿಲು ಕಷ್ಟವಾದವರು ಶುಕ್ರವಾರದೊಳಗೆ ನನಗೆ ಹೇಳಿ, ಕೆಳಗಿನ ಕೋಣೆ ತೆಗೆಸುತ್ತೇವೆ.

16ರ ಟೆಸ್ಟ್ 30ಕ್ಕೆ ಹೋಗಿದೆ. ಬರಲಾಗದವರಿಗೆ ಹಾಜರಿ ಕಡಿತ ಇಲ್ಲ, ನೋಟ್ಸ್ ಅದೇ ರಾತ್ರಿ ಇಲ್ಲಿ ಬರುತ್ತದೆ.

ಶಾಲೆಯ ಹೆಸರು, ಮ್ಯಾಪ್ ಕೊಂಡಿ, ನನ್ನ ನಂಬರ್ ಮೂಲದಲ್ಲಿ ಇದೆ, ಇಲ್ಲಿ ತೆಗೆದಿದ್ದೇನೆ.

ಡೊಂಬಿವಲಿ ಅಮ್ಮ

ಓದಿದ ತಕ್ಷಣ ಅರ್ಥವಾಯಿತು ಅಕ್ಕ. ಮದುವೆ ಇದೆ ಎಂದು ಒಂದೇ ಮಾತಿನಲ್ಲಿ ಹೇಳಿದ್ದೂ ಚೆನ್ನಾಗಿದೆ. "ಅನಿವಾರ್ಯ ಕಾರಣ" ಎಂದರೆ ಯಾರಿಗೋ ಏನೋ ಆಗಿದೆಯೇನೋ ಅಂತ ಭಯ ಆಗುತ್ತದೆ.

ಘಾಟ್ಕೋಪರ್ ಭಟ್

ನನಗೆ ಇನ್ನೂ ಉದ್ದ ಅನ್ನಿಸುತ್ತದೆ. ಮೆಟ್ಟಿಲಿನ ವಿಷಯ ಒಬ್ಬಳಿಗೆ ಸಂಬಂಧಿಸಿದ್ದು. ಅವಳಿಗೆ ಫೋನ್ ಮಾಡಿ ಹೇಳಿದರಾಯಿತಲ್ಲ?

ನಿವೃತ್ತ ಕಚೇರಿಯವರು

ಅವಳಿಗೆ ಫೋನ್ ಮಾಡಬೇಕು, ನಿಜ. ಸಾಲೂ ಇರಲಿ. ತನಗೆ ಕಷ್ಟ ಎಂದು ಹೇಳಿಕೊಳ್ಳದ ಮಕ್ಕಳೂ ಇರುತ್ತಾರೆ. ಲಿಫ್ಟ್ ಇಲ್ಲ ಎಂದು ಮೊದಲೇ ಓದಿದರೆ ಅವರಾಗಿಯೇ ಕೇಳುತ್ತಾರೆ. ಅಲ್ಲಿಗೆ ಬಂದು ಮೆಟ್ಟಿಲ ಬುಡದಲ್ಲಿ ನಿಲ್ಲುವುದು ತಪ್ಪುತ್ತದೆ. ಉದ್ದದ ಮಾತಿಗೆ ಬಂದರೆ, ಮೇಲಿನ ಎರಡು ಪ್ಯಾರಾ ಎಲ್ಲರಿಗೂ ಬೇಕು, ಕೆಳಗಿನವು ಬೇಕಾದವರಿಗೆ. ಆ ಅನುಕ್ರಮ ಸರಿಯಾಗಿದ್ದರೆ ಉದ್ದ ಕಾಡುವುದಿಲ್ಲ.

ಕಳಿಸುವ ಮುಂಚೆ ಒಂದು ಕೆಲಸ ಮಾಡಿ ಮೇಡಂ. ಈ ವಿಷಯ ಏನೂ ಗೊತ್ತಿಲ್ಲದ ಒಬ್ಬ ವಿದ್ಯಾರ್ಥಿಗೆ ಇದನ್ನು ಕೊಟ್ಟು, ಓದಿದ ಮೇಲೆ ಫೋನ್ ತೆಗೆದುಕೊಳ್ಳಿ. "ಭಾನುವಾರ ನೀನು ಏನು ಮಾಡುತ್ತೀ, ಹೇಳು" ಅನ್ನಿ. "ಅರ್ಥವಾಯಿತಾ" ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಅವನು ಎಲ್ಲಿ ತಡವರಿಸುತ್ತಾನೋ ಆ ಸಾಲನ್ನು ತಿದ್ದಬೇಕು.

ಮಾಟುಂಗಾ ಕಾರ್ಯಕರ್ತೆ

ನನ್ನ ತಂಗಿಯ ಮಗನಿಗೆ ಕೊಟ್ಟು ನೋಡಿದೆ, ಅವನು ವಾಶಿಯವನು. ಎಲ್ಲ ಸರಿಯಾಗಿ ಹೇಳಿದ. ಒಂದು ಕಡೆ ನಿಂತ. "ಎಂದಿನ ಮಾಟುಂಗಾ" ಅಂದರೆ ಯಾವುದು ಎಂದು ಕೇಳಿದ. ಹೊಸದಾಗಿ ಸೇರಿದವರಿಗೆ ಎಂದಿನದು ಗೊತ್ತಿರುವುದಿಲ್ಲ ಅಲ್ವಾ. "ಸೆಂಟ್ರಲ್ ಲೈನಿನ ಮಾಟುಂಗಾ" ಎಂದು ಮಾಡಿದೆ. ಹಾರ್ಬರ್‌ನವರು ಕುರ್ಲಾದಲ್ಲಿ ಗಾಡಿ ಬದಲಿಸಿ ಎಂದೂ ಸೇರಿಸಿದೆ.

ಠಾಣೆ ಮೇಷ್ಟ್ರು

ತಡವಾಗಿ ಓದಿದೆ. ವಾಟ್ಸ್ಆ್ಯಪ್ ಬಗ್ಗೆ ಒಂದೆರಡು ಮಾತು, ಇಲ್ಲಿ ಎಡವುವವರು ಜಾಸ್ತಿ. ಕಳಿಸಿದ ಸಂದೇಶವನ್ನು ತಿದ್ದಲು 15 ನಿಮಿಷ ಮಾತ್ರ ಅವಕಾಶ. ಅಷ್ಟರಲ್ಲಿ ಯಾರಾದರೂ ಫಾರ್ವರ್ಡ್ ಮಾಡಿದ್ದರೆ ಆ ಪ್ರತಿ ಬದಲಾಗುವುದೇ ಇಲ್ಲ, ತಪ್ಪು ಹಾಗೇ ಓಡಾಡುತ್ತದೆ. ಆಮೇಲೆ ಏನಾದರೂ ಬದಲಾದರೆ ಹೊಸ ಸಂದೇಶ ಹಾಕಿ, ಮೊದಲ ಸಾಲಿನಲ್ಲೇ "ಬುಧವಾರ ಹಾಕಿದ ಸೂಚನೆ ರದ್ದು" ಎಂದು ಬರೆಯಿರಿ. ಬರೀ "ತಿದ್ದುಪಡಿ: 10 ಅಲ್ಲ, 10.30" ಎಂದು ಕಳಿಸಿದರೆ ಎರಡು ತುಂಡು ಬೇರೆ ಬೇರೆ ತಿರುಗುತ್ತವೆ. ಪೂರ್ತಿ ಸೂಚನೆಯನ್ನೇ ಮತ್ತೆ ಹಾಕಬೇಕು.

ಇನ್ನೊಂದು, ಗುಂಪಿನ ಮೇಲೆ ಹಳೆಯ ವೇಳಾಪಟ್ಟಿ ಪಿನ್ ಆಗಿದ್ದರೆ ತೆಗೆದು ಇದನ್ನು ಪಿನ್ ಮಾಡಿ. 24 ಗಂಟೆ, 7 ದಿನ, 30 ದಿನ, ಮೂರೇ ಆಯ್ಕೆ ಇರುವುದು. ಇದಕ್ಕೆ 30 ದಿನ ಇಡಿ, 24ನೇ ತಾರೀಕು ನೆನಪಿಟ್ಟು ತೆಗೆಯಿರಿ. ಭವನದ ಬಾಗಿಲಿಗೂ ಒಂದು ಕಾಗದ ಅಂಟಿಸಿ. ಗುಂಪನ್ನು ಮ್ಯೂಟ್ ಮಾಡಿಟ್ಟ ಒಬ್ಬನಾದರೂ ಮದುವೆ ಮನೆಗೆ ಬಂದೇ ಬರುತ್ತಾನೆ.

ಕಲ್ಯಾಣದ ವಿದ್ಯಾರ್ಥಿನಿ

ಒಂದು ಹೇಳಲಾ? ನಮ್ಮ ಬ್ಯಾಚ್‌ನಲ್ಲಿ ಮನೆಯಲ್ಲಿ ಕನ್ನಡ, ತುಳು ಮಾತಾಡಿದರೂ ಅಕ್ಷರ ಓದಲು ಬಾರದವರು ಇದ್ದಾರೆ. ಶಾಲೆಯಲ್ಲಿ ಮರಾಠಿ, ಇಂಗ್ಲಿಷ್ ಕಲಿತವರು. ಅವರು ಕನ್ನಡ ಸಂದೇಶ ನೋಡಿದ ಕೂಡಲೇ "ಏನಿದೆ ಇದರಲ್ಲಿ" ಎಂದು ಗುಂಪಿನಲ್ಲಿ ಕೇಳುತ್ತಾರೆ. ಜೂನ್‌ನ ಪ್ರಶ್ನೆಗಳಲ್ಲಿ ಎಷ್ಟೋ ಅವರದ್ದೇ.

ಘಾಟ್ಕೋಪರ್ ಭಟ್

ಕನ್ನಡ ಸಂಘದ ಸೂಚನೆ ಇಂಗ್ಲಿಷಿನಲ್ಲಿ ಬಂದರೆ ಮಕ್ಕಳು ಇನ್ನು ಕನ್ನಡ ಕಲಿಯುವುದು ಯಾವಾಗ? ಇದೊಂದು ವಿಷಯದಲ್ಲಿ ನಾನು ಬಿಟ್ಟುಕೊಡುವುದಿಲ್ಲ.

ಠಾಣೆ ಮೇಷ್ಟ್ರು

ಭಟ್ಟರೇ, ನಿಮ್ಮ ಕಾಳಜಿ ನನಗೂ ಇದೆ. ಆದರೆ ಭಾನುವಾರ ಬೆಳಿಗ್ಗೆ ಹುಡುಗಿ ಬೀಗದ ಮುಂದೆ ನಿಂತರೆ ಕನ್ನಡ ಕಲಿಯುವುದಿಲ್ಲ, ಕ್ಲಾಸ್ ಬಿಡುತ್ತಾಳೆ. ನನ್ನ ಹಿಂಜರಿಕೆ ಬೇರೆ. ಎರಡು ಭಾಷೆಯಲ್ಲಿ ಎರಡು ಸಂದೇಶ ಹಾಕಿದರೆ, ಸಮಯ ಬದಲಾದಾಗ ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುತ್ತೇವೆ. ಅದು ಎರಡೂ ಇಲ್ಲದ್ದಕ್ಕಿಂತ ಕಷ್ಟ.

ನಿವೃತ್ತ ಕಚೇರಿಯವರು

ಮೊದಲ ಸಾಲನ್ನು ಮಾತ್ರ ಎರಡೂ ಭಾಷೆಯಲ್ಲಿ, ಒಂದೇ ಸಂದೇಶದೊಳಗೆ ಹಾಕಬಹುದು. ಉಳಿದದ್ದನ್ನು ಮೇಡಂ ಧ್ವನಿ ಸಂದೇಶದಲ್ಲಿ ಓದಿ ಕಳಿಸಲಿ. ಮಾತಾಡುವ ಕನ್ನಡ ಎಲ್ಲರಿಗೂ ಅರ್ಥವಾಗುತ್ತದಲ್ಲ.

ಮೀರಾ ರೋಡ್ ಪೂಜಾರಿ

ಧ್ವನಿ ಸಂದೇಶ ಗಾಡಿಯ ಗದ್ದಲದಲ್ಲಿ ಕೇಳಿಸುವುದಿಲ್ಲ ಸರ್. ಗೇಟ್ ಯಾವುದು ಎಂದು ಹುಡುಕಲು ಮತ್ತೆ ಪೂರ್ತಿ ಕೇಳಬೇಕು. ಬರೆದದ್ದಾದರೆ ಕಣ್ಣಾಡಿಸಿದರೆ ಸಿಗುತ್ತದೆ.

ಮಾಟುಂಗಾ ಕಾರ್ಯಕರ್ತೆ

ಭಾಷೆಯ ಮಾತನ್ನು ಶನಿವಾರದ ಸಮಿತಿ ಸಭೆಯಲ್ಲಿ ಇಡುತ್ತೇನೆ, ನಾನೊಬ್ಬಳೇ ತೀರ್ಮಾನಿಸುವುದು ಬೇಡ. ಆದರೆ ಸೂಚನೆ ಅಲ್ಲಿಯವರೆಗೆ ಕಾಯುವ ಹಾಗಿಲ್ಲ. ಇವತ್ತು ರಾತ್ರಿ ಕನ್ನಡದಲ್ಲಿ ಹಾಕುತ್ತೇನೆ, ಮೊದಲ ಸಾಲು ಇಂಗ್ಲಿಷಿನಲ್ಲೂ. ಕಲ್ಯಾಣದ ತಂಗಿ, ಓದಲು ಬಾರದವರ ಹೆಸರು ನನಗೆ ಕಳಿಸಮ್ಮ, ಈ ಸಲ ಅವರಿಗೆ ನಾನೇ ಫೋನ್ ಮಾಡುತ್ತೇನೆ.

ಪನ್ವೇಲ್ ಹುಡುಗ

ಅಕ್ಕ, ಬ್ಲಾಕ್ ಎಲ್ಲೆಲ್ಲಿ ಅಂತ ರೈಲ್ವೆಯವರು ಶುಕ್ರವಾರ, ಶನಿವಾರದ ಹೊತ್ತಿಗೆ ಹೇಳುತ್ತಾರೆ. ಅದು ಬಂದ ಮೇಲೆ ಹಾರ್ಬರ್‌ನವರಿಗೆ ನಾನು ಗುಂಪಿನಲ್ಲಿ ಒಂದು ಸಾಲು ಹಾಕಲಾ, ಅಥವಾ ನಿಮ್ಮ ಸೂಚನೆಯಲ್ಲೇ ಸೇರಿಸುತ್ತೀರಾ?

ಮಾಟುಂಗಾ ಕಾರ್ಯಕರ್ತೆ

ನೀನೇ ಹಾಕಪ್ಪ. ಆದರೆ ಹೊಸದಾಗಿ ಹಾಕಬೇಡ, ನನ್ನ ಸೂಚನೆಗೇ ರಿಪ್ಲೈ ಮಾಡಿ ಹಾಕು. ಒತ್ತಿದರೆ ಮೇಲಿನದ್ದೂ ತೆರೆಯುತ್ತದೆ.